ಪ್ರಾಕ್ಸಿ ಹಾಕಿ ತೋರಿಸಿ

ಕೊನೆಯ ವರ್ಷದ ಪ್ರಾಜೆಕ್ಟ್ ವೈವಾಕ್ಕೆ ಎಕ್ಸ್‌ಟರ್ನಲ್ ಆಗಿ ಹೋದಲ್ಲೆಲ್ಲ ಒಂದಾದರೂ ಹಾಜರಿ ಆ್ಯಪ್ ನನಗೆ ಎದುರಾಗುತ್ತದೆ. ಹುಡುಗರು ಅದನ್ನೇ ಯಾಕೆ ಆರಿಸುತ್ತಾರೆ ಎಂದು ಕೇಳಬೇಕಾಗಿಲ್ಲ. ನಾಲ್ಕು ವರ್ಷ ಅವರನ್ನು ಕಾಡಿದ್ದೇ ಅದು. ವಿಟಿಯು ನಿಯಮದಲ್ಲಿ ಒಂದೊಂದು ವಿಷಯಕ್ಕೂ ಶೇ. 85 ಹಾಜರಿ ಬೇಕು. ತಕ್ಕ ಕಾರಣವಿದ್ದರೆ ಶೇ. 10ರಷ್ಟು ಮನ್ನಾ ಉಂಟು. ಅದಕ್ಕೂ ಕೆಳಗೆ ಇಳಿದವರ ನಂಬರು ಸೆಮಿಸ್ಟರ್ ಕೊನೆಗೆ ನೋಟಿಸ್ ಬೋರ್ಡಿನ ಶಾರ್ಟೇಜ್ ಲಿಸ್ಟ್‌ನಲ್ಲಿ ಕಾಣಿಸಿಕೊಳ್ಳುತ್ತದೆ. ಆ ಪಟ್ಟಿಯ ಮುಂದೆ ಒಮ್ಮೆ ನಿಂತವನು ಪ್ರಾಜೆಕ್ಟಿಗೆ ಬೇರೆ ವಿಷಯ ಹುಡುಕುವುದಿಲ್ಲ.

ಆದರೆ ಆ್ಯಪ್ ತೋರಿಸುವ ರೀತಿಯಲ್ಲಿ ಹಾಜರಿಯೇ ಕಾಣೆಯಾಗಿರುತ್ತದೆ. ಮೊದಲು ಲಾಗಿನ್ ಪುಟ, ಆಮೇಲೆ ರಿಜಿಸ್ಟ್ರೇಷನ್, ಪಾಸ್‌ವರ್ಡ್ ಮರೆತರೆ ಏನು, ಪ್ರೊಫೈಲ್ ಫೋಟೊ ಬದಲಿಸುವುದು ಹೇಗೆ. ಆರು ನಿಮಿಷ ಹೀಗೇ ಕಳೆಯುತ್ತದೆ. ಹೊರಗೆ ಇನ್ನೂ ಎಂಟು ಬ್ಯಾಚ್ ಕಾಯುತ್ತಿರುತ್ತವೆ. ‘ಸರಿಯಮ್ಮ, ರಿಪೋರ್ಟ್ ಕೊಡಿ’ ಅನ್ನುತ್ತೇವೆ. ಒಬ್ಬನೇ ಒಬ್ಬನ ಹಾಜರಿ ಬೀಳುವುದನ್ನೂ ನೋಡದೆ ಹಾಜರಿ ಆ್ಯಪಿಗೆ ಅಂಕ ಹಾಕಿದ ಪಾಪ ನನ್ನ ಮೇಲೂ ಇದೆ.

ಹಿಂದಿನ ವರ್ಷ ನನ್ನದೇ ಮಾರ್ಗದರ್ಶನದಲ್ಲಿ ಅಂಥದೊಂದು ಬ್ಯಾಚ್ ಇತ್ತು. ನಾಲ್ವರು: ಇಬ್ಬರು ಹುಡುಗಿಯರು, ಇಬ್ಬರು ಹುಡುಗರು. ಆ್ಯಪಿನ ಕೆಲಸ ಸರಳ. ಮೇಷ್ಟರು ಲ್ಯಾಪ್‌ಟಾಪಿನಲ್ಲಿ ಪೀರಿಯಡ್ ತೆರೆದರೆ ಪ್ರೊಜೆಕ್ಟರ್ ಪರದೆಯ ಮೇಲೆ ಕ್ಯೂಆರ್ ಕೋಡ್ ಮೂಡುತ್ತದೆ. ವಿದ್ಯಾರ್ಥಿ ತನ್ನ ಮೊಬೈಲಿನ ಆ್ಯಪ್ ತೆರೆದು ಅದನ್ನು ಸ್ಕ್ಯಾನ್ ಮಾಡುತ್ತಾನೆ. ಕೋಡಿನೊಳಗಿನ ಗುಟ್ಟಿನ ಸಂಖ್ಯೆಯೂ ಆತನ ಯುಎಸ್‌ಎನ್ ನಂಬರೂ ಒಟ್ಟಿಗೆ ಸರ್ವರಿಗೆ ಹೋಗುತ್ತವೆ, ಹಾಜರಿ ಬೀಳುತ್ತದೆ. ಗುಟ್ಟಿನ ಸಂಖ್ಯೆ ಆಗಾಗ ಬದಲಾಗುತ್ತದೆ. ಅದರಿಂದ ಪ್ರಾಕ್ಸಿ ನಿಲ್ಲುತ್ತದೆ ಎಂಬುದು ಅವರ ವಾದ.

ವೈವಾಕ್ಕೆ ಹತ್ತು ದಿನ ಮೊದಲು ಲ್ಯಾಬಿನಲ್ಲಿ ಅಣಕು ಡೆಮೊ ಇಟ್ಟುಕೊಂಡೆವು. ಮಾತಾಡಬೇಕಾದ ಹುಡುಗಿ ಇಂಗ್ಲಿಷಿನಲ್ಲಿ ನಾಲ್ಕು ಪುಟ ಬರೆದು ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಎರಡನೇ ಪುಟದಲ್ಲಿ ನಾನು ತಡೆದು, ‘ಸರಿ, ಈಗ ನನ್ನ ಮುಂದೆಯೇ ಒಂದು ಪ್ರಾಕ್ಸಿ ಹಾಕಿ ತೋರಿಸಿ’ ಎಂದೆ. ಒಬ್ಬ ಹುಡುಗ ಕಾರಿಡಾರಿಗೆ ಹೋದ. ಇನ್ನೊಬ್ಬ ಪರದೆಯ ಮೇಲಿನ ಕೋಡಿನ ಫೋಟೊ ತೆಗೆದು ವಾಟ್ಸ್‌ಆ್ಯಪಿನಲ್ಲಿ ಕಳಿಸಿದ. ಹೊರಗಿದ್ದವನ ಕೈಯಲ್ಲಿ ಎರಡು ಮೊಬೈಲ್: ಒಂದರಲ್ಲಿ ಫೋಟೊ, ಇನ್ನೊಂದರಲ್ಲಿ ಆ್ಯಪ್. ಸುಮಾರು ಹದಿನಾಲ್ಕು ಸೆಕೆಂಡಿಗೆ ಅವನ ನಂಬರು ಪಟ್ಟಿಯಲ್ಲಿ ಹಸಿರಾಗಿ ಬೆಳಗಿತು. ನಾಲ್ವರ ಮುಖವೂ ಬಿಳಿಚಿಕೊಂಡಿತು. ಅವರು ಕೋಡಿಗೆ ಕೊಟ್ಟಿದ್ದ ಆಯಸ್ಸು ಮೂವತ್ತು ಸೆಕೆಂಡು. ಯಾಕೆ ಮೂವತ್ತು ಎಂದರೆ ಯಾರಿಗೂ ಉತ್ತರ ಗೊತ್ತಿರಲಿಲ್ಲ.

ನಿಜವಾದ ಸ್ಕ್ರಿಪ್ಟ್ ಹುಟ್ಟಿದ್ದು ಅಲ್ಲಿಂದ. ಫೋಟೊ ತೆಗೆದು, ಕಳಿಸಿ, ತೆರೆದು, ಸ್ಕ್ಯಾನ್ ಮಾಡಲು ಎಷ್ಟು ಹೊತ್ತು ಬೇಕೆಂದು ಸ್ಟಾಪ್‌ವಾಚ್ ಹಿಡಿದು ಮತ್ತೆ ಮತ್ತೆ ಅಳೆದೆವು. ಎಷ್ಟೇ ಚುರುಕಾದವನಿಗೂ ಹನ್ನೆರಡು ಸೆಕೆಂಡಿಗಿಂತ ಕಡಿಮೆ ಆಗಲಿಲ್ಲ. ಹಾಗಾದರೆ ಕೋಡು ಐದು ಸೆಕೆಂಡಿಗೊಮ್ಮೆ ಬದಲಾಗಲಿ ಎಂದರು. ಸರಿ, ಆದರೆ ಎದುರಿಗೇ ಕೂತು ಸ್ಕ್ಯಾನ್ ಮಾಡಿದವನ ಮೊಬೈಲಿನ ನೆಟ್‌ವರ್ಕ್ ಮಂದವಾಗಿದ್ದರೆ ಅವನ ಮನವಿ ಸರ್ವರಿಗೆ ಮುಟ್ಟುವಷ್ಟರಲ್ಲಿ ಕೋಡು ಹಳಸಿರುತ್ತದೆ. ಬಂದವನಿಗೂ ಆಬ್ಸೆಂಟ್ ಬೀಳುತ್ತದೆ. ಅದಕ್ಕೆ ಈಗಿನ ಕೋಡಿನ ಜತೆ ಅದರ ಹಿಂದಿನ ಒಂದನ್ನೂ ಸರ್ವರ್ ಒಪ್ಪಿಕೊಳ್ಳುವಂತೆ ಮಾಡಿದರು. ಹೀಗಾಗಿ ಒಂದು ಕೋಡು ಹುಟ್ಟಿದ ಮೇಲೆ ಹತ್ತು ಸೆಕೆಂಡು ಬದುಕುತ್ತದೆ, ಪ್ರಾಕ್ಸಿಗೆ ಬೇಕಾದ ಹನ್ನೆರಡಕ್ಕಿಂತ ಎರಡು ಕಡಿಮೆ. ಈ ಎರಡು ಸೆಕೆಂಡೇ ಅವರ ಪ್ರಾಜೆಕ್ಟು. ಇನ್ನುಳಿದದ್ದೆಲ್ಲ ಅಲಂಕಾರ. ಹೊತ್ತು ಲೆಕ್ಕ ಹಾಕುವುದು ಮೊಬೈಲಿನ ಗಡಿಯಾರದಿಂದಲ್ಲ, ಸರ್ವರಿನದರಿಂದ. ಇಲ್ಲದಿದ್ದರೆ ಮೊಬೈಲಿನಲ್ಲಿ ಟೈಮ್ ಹಿಂದಿಟ್ಟರೆ ಮುಗಿಯಿತು.

ನಾಲ್ಕು ಪುಟದ ಇಂಗ್ಲಿಷನ್ನು ಪಕ್ಕಕ್ಕಿಟ್ಟು ಒಂದೇ ಹಾಳೆಯನ್ನು ಎರಡು ಭಾಗ ಮಾಡಿದೆವು. ಎಡಕ್ಕೆ ಕೈ ಏನು ಮಾಡುತ್ತದೆ, ಬಲಕ್ಕೆ ಬಾಯಿ ಏನು ಹೇಳುತ್ತದೆ. ಬಲಗಡೆಯ ಮೊದಲ ಸಾಲು ಹೀಗಿತ್ತು: ‘ಸರ್, ಇದು ಎರಡನೇ ಪೀರಿಯಡ್. ನಾನು ಮೇಡಂ. ಇವರಿಬ್ಬರು ಕ್ಲಾಸಿನಲ್ಲಿದ್ದಾರೆ, ಇನ್ನೊಬ್ಬ ಕಾರಿಡಾರಿನಲ್ಲಿದ್ದಾನೆ. ಅವನಿಗೂ ಹಾಜರಿ ಬೇಕು.’ ಲಾಗಿನ್ ಪುಟ ಇಲ್ಲವೇ ಇಲ್ಲ. ಎಲ್ಲ ಮೊಬೈಲಿನಲ್ಲೂ ಮೊದಲೇ ಲಾಗಿನ್ ಆಗಿರಬೇಕು. ಎಡಗಡೆಯ ಸಾಲು: ಪೀರಿಯಡ್ ತೆರೆ, ಇಬ್ಬರು ಸ್ಕ್ಯಾನ್ ಮಾಡಲಿ, ಎರಡು ಹಸಿರು ಬರುವ ತನಕ ಮಾತಾಡಬೇಡ. ಈ ಸುಮ್ಮನಿರುವ ಸೂಚನೆಯನ್ನು ಕಲಿಸಲು ನನಗೆ ಮೂರು ದಿನ ಹಿಡಿಯಿತು. ಪರದೆಯಲ್ಲಿ ಏನೋ ಆಗುತ್ತಿರುವಾಗ ಹುಡುಗರು ಅದರ ಮೇಲೆ ಮಾತು ಸುರಿಯುತ್ತಾರೆ, ಕೂತವರು ಯಾವುದನ್ನು ನೋಡಬೇಕೋ ತಿಳಿಯದೆ ರಿಪೋರ್ಟಿನ ಹಾಳೆ ತಿರುವುತ್ತಾರೆ.

ಆಮೇಲೆ ಫೋಟೊ ಹೊರಗೆ ಹೋಗಬೇಕು, ಪ್ರಾಕ್ಸಿ ಸೋಲಬೇಕು. ಸೋತದ್ದು ಕಾರಿಡಾರಿನ ಮೊಬೈಲಿನಲ್ಲಿ ಮಾತ್ರ ಕಂಡರೆ ಒಳಗೆ ಕೂತ ನಮಗೇನು ಗೊತ್ತಾಗಬೇಕು? ಅದಕ್ಕೆ ಮೇಷ್ಟರ ಪರದೆಯಲ್ಲೇ ಒಂದು ಕೆಂಪು ಸಾಲು ಬರುವಂತೆ ಮಾಡಿಸಿದೆ: ಇಂಥ ನಂಬರು, ಅವಧಿ ಮೀರಿದ ಕೋಡ್, ಇಷ್ಟು ಸೆಕೆಂಡು ತಡ. ಡೆಮೊಗೆಂದು ಸೇರಿಸಿದ ಈ ಸಾಲು ಆ್ಯಪಿನಲ್ಲಿ ಮೇಷ್ಟರಿಗೆ ಎಲ್ಲಕ್ಕಿಂತ ಉಪಯೋಗದ್ದಾಯಿತು ಎಂಬುದು ಬೇರೆ ಮಾತು.

ಎರಡನೆಯ ದೃಶ್ಯ ಶಾರ್ಟೇಜಿನದು. ಇಲ್ಲಿ ನಾನು ಪಟ್ಟು ಹಿಡಿದದ್ದು ಒಂದಕ್ಕೆ: ಪರೀಕ್ಷಕರು ಪೆನ್ನಿನಲ್ಲಿ ಲೆಕ್ಕ ಹಾಕಿ ನೋಡಬಹುದಾದ ಅಂಕಿ ಇರಲಿ. 40 ಕ್ಲಾಸಿನಲ್ಲಿ 30ಕ್ಕೆ ಬಂದವನದು ಶೇ. 75. ಇನ್ನು ಒಂದೂ ತಪ್ಪಿಸದೆ ಎಷ್ಟು ಕ್ಲಾಸಿಗೆ ಕೂತರೆ ಅವನು 85 ಮುಟ್ಟುತ್ತಾನೆ? ಹತ್ತು, ಹದಿನೈದು ಎಂದು ಹೇಳುವವರೇ ಹೆಚ್ಚು. ಉತ್ತರ 27. ಆಗ 67ರಲ್ಲಿ 57 ಆಗಿ, ಶೇ. 85ನ್ನು ಕೂದಲೆಳೆಯಲ್ಲಿ ದಾಟುತ್ತದೆ. ಕ್ಲಾಸು ನಡೆದಷ್ಟೂ ಛೇದವೂ ಬೆಳೆಯುತ್ತದಲ್ಲ, ಅದನ್ನು ಹುಡುಗರು ಸೆಪ್ಟೆಂಬರಿನಲ್ಲಿ ಮರೆತು ನವೆಂಬರಿನಲ್ಲಿ ನೆನೆಯುತ್ತಾರೆ.

ಈ ಲೆಕ್ಕ ಪರೀಕ್ಷಿಸುವಾಗಲೇ ಇನ್ನೊಂದು ತಪ್ಪು ಸಿಕ್ಕಿತು. 26 ಕ್ಲಾಸಿಗೆ ಬಂದರೆ 66ರಲ್ಲಿ 56, ಅಂದರೆ 84.85. ವಿದ್ಯಾರ್ಥಿಯ ಪುಟ ಅದನ್ನು ದುಂಡಗೆ ಮಾಡಿ 85 ಎಂದು ತೋರಿಸುತ್ತಿತ್ತು, ಶಾರ್ಟೇಜ್ ಪಟ್ಟಿಯಲ್ಲಿ ಮಾತ್ರ ಅವನ ನಂಬರು ಇತ್ತು. ಒಂದೇ ಆ್ಯಪು, ಎರಡು ತೀರ್ಪು. ಪಟ್ಟಿ ಸರಿ, ಪುಟ ತಪ್ಪು. ಭಾಗಾಕಾರವನ್ನೇ ಬಿಟ್ಟು ಎರಡು ಕಡೆಯೂ ಗುಣಿಸಿ ಹೋಲಿಸುವ ಒಂದೇ ಸಾಲನ್ನು ಬಳಸಿ ಎಂದೆ:

```sql
SELECT usn FROM summary
WHERE attended * 100 < held * 85;
```

5600 ಎಂಬುದು 5610ಕ್ಕಿಂತ ಕಡಿಮೆ. ದುಂಡಗೆ ಮಾಡಲು ಜಾಗವೇ ಇಲ್ಲ. ಪುಟದಲ್ಲಿ ಈಗ 84.85 ಎಂದೇ ಕಾಣುತ್ತದೆ. ಈ ವಿದ್ಯಾರ್ಥಿಯನ್ನು ಬೇಕೆಂದೇ ಡೆಮೊ ಪಟ್ಟಿಯಲ್ಲಿ ಉಳಿಸಿಕೊಂಡೆವು. ಎಲ್ಲರಿಗೂ 92, 95 ಎಂದು ತುಂಬಿದ ಪಟ್ಟಿ ನೋಡಿದರೆ ಯಾವ ಪರೀಕ್ಷಕನಿಗೂ ಅದು ನಿನ್ನೆ ರಾತ್ರಿ ಕೂತು ತುಂಬಿದ್ದು ಎಂದು ಗೊತ್ತಾಗುತ್ತದೆ. ಡಿಪ್ಲೊಮಾ ಮುಗಿಸಿ ಎರಡನೇ ವರ್ಷಕ್ಕೆ ಸೇರಿದವರ ನಂಬರೂ ಒಂದೆರಡು ಇರಲಿ ಎಂದೆ. ಅವರ ಯುಎಸ್‌ಎನ್ 400ರಿಂದ ಶುರುವಾಗುತ್ತದೆ. ಒಂದರಿಂದ ಅರವತ್ತರವರೆಗೆ ಎಂದು ಬರೆದ ಆ್ಯಪು ಅವರನ್ನು ಮರೆತೇಬಿಡುತ್ತದೆ.

ಇನ್ನು ಡೆಮೊ ಕೆಡಿಸುವ ದೊಡ್ಡ ಶತ್ರು ಕಾಲೇಜಿನ ವೈಫೈ. ಸರ್ವರ್ ಇರುವುದು ಲ್ಯಾಪ್‌ಟಾಪಿನಲ್ಲಿ, ಆ್ಯಪ್ ಇರುವುದು ಮೊಬೈಲಿನಲ್ಲಿ. ಎರಡೂ ಒಂದೇ ವೈಫೈನಲ್ಲಿದ್ದರೂ ಒಂದನ್ನೊಂದು ನೋಡಲು ಹಲವು ಕಾಲೇಜುಗಳ ನೆಟ್‌ವರ್ಕ್ ಬಿಡುವುದಿಲ್ಲ. ಹುಡುಗರು ಹಾಸ್ಟೆಲಿನಲ್ಲಿ ಹಾಟ್‌ಸ್ಪಾಟ್ ಹಾಕಿ ಪರೀಕ್ಷಿಸಿರುತ್ತಾರೆ. ಇಲ್ಲಿ ಬಂದಾಗ ಲ್ಯಾಪ್‌ಟಾಪಿನ ವಿಳಾಸ ಬದಲಾಗಿರುತ್ತದೆ, ಆ್ಯಪಿನೊಳಗೆ ಹಳೆಯ ವಿಳಾಸವೇ ಬರೆದಿರುತ್ತದೆ. ನಮ್ಮವರು ಕ್ಲಾಸಿನೊಳಗಿನ ಎರಡು ಆಂಡ್ರಾಯ್ಡ್ ಮೊಬೈಲುಗಳನ್ನು ಯುಎಸ್‌ಬಿ ಕೇಬಲಿನಲ್ಲಿ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಒಂದೊಂದಕ್ಕೂ ಈ ಆದೇಶ ಕೊಡುವುದನ್ನು ಕಲಿತರು:

```
adb -s SERIAL reverse tcp:3000 tcp:3000
```

ಇದರಿಂದ ಮೊಬೈಲು ತನ್ನದೇ 3000ನೇ ಪೋರ್ಟಿಗೆ ಮಾತಾಡಿದ್ದು ಕೇಬಲಿನ ಮೂಲಕ ಲ್ಯಾಪ್‌ಟಾಪಿಗೆ ಮುಟ್ಟುತ್ತದೆ. ವೈಫೈ ಇರಲಿ ಬಿಡಲಿ, ಚಿಂತೆಯಿಲ್ಲ. ಕಾರಿಡಾರಿನವನಿಗೆ ಮಾತ್ರ ಕೇಬಲ್ ಎಳೆಯಲಾಗದು. ಅವನಿಗೆ ಲ್ಯಾಪ್‌ಟಾಪಿನ ಹಾಟ್‌ಸ್ಪಾಟೇ ಗತಿ, ಅದೂ ಬಾಗಿಲಿಗೆ ಅಂಟಿಕೊಂಡು ನಿಂತರೆ.

ವೈವಾ ದಿನ ಮಧ್ಯಾಹ್ನ ಎರಡೂವರೆಗೆ ನಮ್ಮವರ ಸರದಿ. ಕೇಬಲ್, ಹಾಟ್‌ಸ್ಪಾಟ್ ಎಲ್ಲ ಸರಿಯಿತ್ತು. ಕೈಕೊಟ್ಟದ್ದು ಪ್ರೊಜೆಕ್ಟರು. ಪಶ್ಚಿಮದ ಕಿಟಕಿಗೆ ಪರದೆಯಿಲ್ಲ, ಬಿಸಿಲು ನೇರ ಗೋಡೆಗೆ; ಕ್ಯೂಆರ್ ಕೋಡು ತಿಳಿ ಬೂದಿ ಬಣ್ಣವಾಗಿ ಯಾವ ಕ್ಯಾಮೆರಾಕ್ಕೂ ಸಿಗಲಿಲ್ಲ. ಹುಡುಗಿ ಒಂದು ಕ್ಷಣ ನಿಂತಳು. ಸ್ಕ್ರಿಪ್ಟಿನಲ್ಲಿ ಇದು ಇರಲಿಲ್ಲ. ಆಮೇಲೆ ಲ್ಯಾಪ್‌ಟಾಪನ್ನೇ ಎತ್ತಿ ಎಕ್ಸ್‌ಟರ್ನಲ್ ಕಡೆ ತಿರುಗಿಸಿ, ‘ಸರ್, ಬಿಸಿಲಿಗೆ ಕೋಡ್ ಓದುತ್ತಿಲ್ಲ, ಇಲ್ಲೇ ತೋರಿಸ್ತೀನಿ’ ಅಂದಳು. ಇಂಗ್ಲಿಷ್ ಬಾಯಿಪಾಠವಾಗಿದ್ದರೆ ಈ ಸಾಲು ಬರುತ್ತಿರಲಿಲ್ಲ. ಎರಡು ಹಸಿರು ಬಂದವು. ಫೋಟೊ ಹೊರಗೆ ಹೋಯಿತು. ಕೆಂಪು ಸಾಲು ಬಂತು, ನಾಲ್ಕು ಸೆಕೆಂಡು ತಡ ಎಂದು.

ಎಕ್ಸ್‌ಟರ್ನಲ್ ಹಿರಿಯರು, ಸುಲಭಕ್ಕೆ ಒಪ್ಪುವವರಲ್ಲ. ‘ಫೋಟೊ ಬೇಡಮ್ಮ, ವಿಡಿಯೊ ಕಾಲ್ ಮಾಡಿ ಪರದೆಗೆ ಹಿಡಿದರೆ?’ ಎಂದು ಕೇಳಿದರು.

‘ಬೀಳುತ್ತೆ ಸರ್,’ ಅಂದಳು.

ಅವರು ತಲೆಯೆತ್ತಿದರು.

‘ವಿಡಿಯೊದಲ್ಲಿ ಕೋಡ್ ಒಂದೆರಡು ಸೆಕೆಂಡಿನಲ್ಲೇ ಹೋಗುತ್ತೆ. ಅದನ್ನು ಕೋಡ್ ಬದಲಿಸಿ ತಡೆಯೋಕೆ ಆಗಲ್ಲ. ಜಿಪಿಎಸ್ ನೋಡಿದ್ವಿ ಸರ್. ಕಟ್ಟಡದ ಒಳಗೆ ಅದು ಎಷ್ಟೋ ಮೀಟರ್ ಆಚೀಚೆ ತೋರಿಸುತ್ತೆ. ಕ್ಲಾಸ್ ಯಾವುದು, ಪಕ್ಕದ ಕ್ಯಾಂಟೀನ್ ಯಾವುದು ಅಂತ ಗೊತ್ತಾಗಲ್ಲ. ಅದಕ್ಕೇ ಪೀರಿಯಡ್ ಮುಚ್ಚೋ ಮೊದಲು ಆ್ಯಪ್ ಮೇಡಂಗೆ ಒಟ್ಟು ಎಷ್ಟು ಅಂತ ದೊಡ್ಡದಾಗಿ ತೋರಿಸುತ್ತೆ. ಅವರು ತಲೆ ಎಣಿಸಿ ಒಪ್ಪಿದರೆ ಮಾತ್ರ ಸೇವ್ ಆಗುತ್ತೆ.’

ಪರದೆಯಲ್ಲಿ ದೊಡ್ಡದಾಗಿ 2 ಎಂದಿತ್ತು. ಅವರು ಬೆರಳು ಮಡಿಸಿ ಕೋಣೆಯಲ್ಲಿದ್ದ ಹುಡುಗರನ್ನು ಎಣಿಸಿದರು, ಶಾರ್ಟೇಜ್ ಪಟ್ಟಿ ತೋರಿಸಲು ಹೇಳಿದರು, 84.85ರ ಎದುರು ನಿಂತು ಪೆನ್ನು ತೆಗೆದು 66ನ್ನು 85ರಿಂದ ಗುಣಿಸಿದರು. ಆಮೇಲೆ ಒಬ್ಬೊಬ್ಬರನ್ನೇ ಪ್ರಶ್ನೆ ಕೇಳಲು ಶುರು ಮಾಡಿ, ಮೂರನೆಯವನಾದ ಮೇಲೆ ಪಟ್ಟಿ ನೋಡಿ, ‘ನಾಲ್ಕನೆಯವನು ಆಬ್ಸೆಂಟಾ?’ ಎಂದರು. ಬಾಗಿಲ ಹೊರಗೆ ಮೊಬೈಲ್ ಹಿಡಿದು ಇನ್ನೂ ಸ್ಕ್ಯಾನ್ ಮಾಡುತ್ತಲೇ ಇದ್ದವನನ್ನು ಒಳಗೆ ಕರೆತರಲು ನಾನೇ ಎದ್ದು ಹೋಗಬೇಕಾಯಿತು.