ನೆಲಮಹಡಿಯ ರೂಮು, ಮೂರು ತಿಂಗಳಿಗೆ

‘ಸರ್, ಮೊಣಕಾಲು ಆಪರೇಷನ್ ಆಗಿದೆ, ಕೆಳಗಡೆ ರೂಮು ಕೊಡಿ.’ ಕಬಡ್ಡಿ ಆಡುವಾಗ ಲಿಗಮೆಂಟ್ ಹರಿದುಕೊಂಡ ಹುಡುಗ ಹಾಸ್ಟೆಲ್ ವಾರ್ಡನ್‌ಗೆ ಕಳಿಸುವ ಸಂದೇಶ ಇಷ್ಟರಲ್ಲೇ ಮುಗಿದರೆ ಆಶ್ಚರ್ಯವಿಲ್ಲ. ಆದರೆ ವಾರ್ಡನ್‌ಗೆ ಬೇಕಾದದ್ದು ಬೇರೆ. ಎಷ್ಟು ದಿನಕ್ಕೆ? ಕೆಳಗೆ ಹಾಸಿಗೆ ಖಾಲಿ ಇಲ್ಲದಿದ್ದರೆ ಯಾರನ್ನು ಮೇಲೆ ಕಳಿಸುವುದು?

‘ಎಷ್ಟು ದಿನ’ ಎಂಬಲ್ಲೇ ಹೆಚ್ಚಿನವರು ಎಡವುತ್ತಾರೆ. ತೊಡೆಯೆಲುಬನ್ನೂ ಮೊಣಕಾಲ ಕೆಳಗಿನ ಎಲುಬನ್ನೂ ಹಿಡಿದಿಡುವ ಎಸಿಎಲ್ ಹರಿದಾಗ, ಬಹಳಷ್ಟು ಸಲ ತೊಡೆಯ ಹಿಂಬದಿಯ ಸ್ನಾಯುರಜ್ಜುವನ್ನೇ ತೆಗೆದು ಆ ಜಾಗದಲ್ಲಿ ಕೂರಿಸುತ್ತಾರೆ. ಅದಕ್ಕೆ ಹೊಸ ರಕ್ತನಾಳಗಳು ಬೆಳೆದು ಜೀವ ಹಿಡಿಯಬೇಕು. ಆ ನಡುವೆ, ಸುಮಾರು 6ರಿಂದ 12ನೇ ವಾರದ ಹೊತ್ತಿಗೆ, ಅದು ತೀರಾ ದುರ್ಬಲವಾಗಿರುತ್ತದೆ. ಚೋದ್ಯವೆಂದರೆ ಅಷ್ಟರಲ್ಲಿ ನೋವು ಇಳಿದು, ಊರುಗೋಲೂ ಬಿಟ್ಟುಹೋಗಿರುತ್ತದೆ. ಹುಡುಗ ‘ಸರಿಹೋಯ್ತು’ ಎಂದು ಮೆಟ್ಟಿಲು ಹಾರುವ ಕಾಲವೂ ಅದೇ. ಹದಿನೈದು ದಿನಕ್ಕೆ ರೂಮು ಕೇಳಿದರೆ ಸಾಲದು.

ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ಊರುಗೋಲಿನ ಜೊತೆ ಆಪರೇಷನ್ ಆದ ಕಾಲು ಮೊದಲು. ಒಂದು ಕೈ ಕಂಬಿಗೆ, ಇನ್ನೊಂದು ಊರುಗೋಲಿಗೆ. ಹಾಗಾದರೆ ನೀರಿನ ಬಾಟಲಿ, ಪುಸ್ತಕ, ಊಟದ ತಟ್ಟೆ ಯಾವ ಕೈಯಲ್ಲಿ? ಮೆಸ್ಸಿಗೆ ಮೂರು ಸಲ, ಕ್ಲಾಸಿಗೆ ಒಂದೆರಡು ಸಲ ಇಳಿದು ಹತ್ತಬೇಕು. ಒದ್ದೆ ಮೆಟ್ಟಿಲಲ್ಲಿ ಒಂದು ಸಲ ಜಾರಿದರೆ ಕೂರಿಸಿದ ರಜ್ಜು ಮತ್ತೆ ಹರಿಯಬಹುದು.

ಅನೇಕರು ಮರೆಯುವ ಸಂಗತಿ ಶೌಚಾಲಯ. ಆಪರೇಷನ್ ಆದ ಮೊದಲ ತಿಂಗಳುಗಳಲ್ಲಿ ಕುಕ್ಕರಗಾಲಲ್ಲಿ ಕೂರುವಂತಿಲ್ಲ. ಕೆಳಗಡೆ ಇಂಡಿಯನ್ ಕಮೋಡ್ ಮಾತ್ರ ಇದ್ದರೆ ನೆಲಮಹಡಿಯ ರೂಮಿನಿಂದ ಅರ್ಧ ಪ್ರಯೋಜನ ಅಷ್ಟೇ.

ಇಷ್ಟೆಲ್ಲ ಇಟ್ಟುಕೊಂಡು ಎರಡನೇ ಮಹಡಿಯ ಹುಡುಗನೊಬ್ಬ ಹೀಗೆ ಬರೆಯಬಹುದು:

‘ಸರ್, ನಮಸ್ಕಾರ. ನಾನು ರೂಮ್ 214ರ ದ್ವಿತೀಯ ಬಿ.ಕಾಂ. ವಿದ್ಯಾರ್ಥಿ. ಜೂನ್ 3ಕ್ಕೆ ಎಡ ಮೊಣಕಾಲಿನ ಎಸಿಎಲ್ ಆಪರೇಷನ್ ಆಗಿದೆ. 20ಕ್ಕೆ ಹಾಸ್ಟೆಲಿಗೆ ಬರುತ್ತಿದ್ದೇನೆ. ಸೆಪ್ಟೆಂಬರ್ ಮೊದಲ ವಾರದವರೆಗೆ ಮೆಟ್ಟಿಲು ಆದಷ್ಟು ಕಡಿಮೆ ಮಾಡಲು ಡಾಕ್ಟರ್ ಹೇಳಿದ್ದಾರೆ. ಅಲ್ಲಿಯವರೆಗೆ ನೆಲಮಹಡಿಯಲ್ಲಿ, ವೆಸ್ಟರ್ನ್ ಕಮೋಡ್ ಹತ್ತಿರವಿರುವ ರೂಮು ಬೇಕಿತ್ತು. ರೂಮ್ 8ರ ಒಬ್ಬ ಗೆಳೆಯ ಅದಲುಬದಲಿಗೆ ಒಪ್ಪಿದ್ದಾನೆ. ಡಿಸ್ಚಾರ್ಜ್ ಸಮ್ಮರಿ, ಡಾಕ್ಟರ ಚೀಟಿ ಕಳಿಸಿದ್ದೇನೆ.’

ಇದರಲ್ಲಿ ನೋವಿನ ವರ್ಣನೆಯಿಲ್ಲ. ವಾರ್ಡನ್ ತೀರ್ಮಾನಿಸಲು ಬೇಕಾದ ತಾರೀಕು, ಚೀಟಿ, ಬದಲಿ ಹಾಸಿಗೆ ಮೂರೂ ಇವೆ. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ದೀರ್ಘಕಾಲದ ನ್ಯೂನತೆಯ ಮಾತಾಡುತ್ತದೆ. ಕೆಲವು ತಿಂಗಳ ಪೆಟ್ಟಿಗೆ ಅದರ ಬಲ ಹೆಚ್ಚು ಸಿಗದು, ಡಾಕ್ಟರ ಚೀಟಿಯೇ ಆಧಾರ. ಸಂದೇಶವನ್ನು ಆಸ್ಪತ್ರೆಯಿಂದಲೇ ಕಳಿಸಿ, ರೂಮು ಖಚಿತವಾದ ಮೇಲೆ ಊರಿನಿಂದ ಹೊರಡಿ.