ಫ್ರಿಜ್ಜಿನ ಸದ್ದು: ಯಾವುದು ಸಹಜ, ಯಾವುದು ಕೇಡಿನ ಸೂಚನೆ?

ರಾತ್ರಿ ಮನೆಮಂದಿಯೆಲ್ಲ ಮಲಗಿದ ಮೇಲೆ ಅಡುಗೆಮನೆಯ ಫ್ರಿಜ್ಜು ಗುಳುಗುಳು ಎನ್ನುತ್ತದೆ, ನಡುವೆ ಟಿಕ್ ಎನ್ನುತ್ತದೆ, ಒಮ್ಮೊಮ್ಮೆ ಬುಸುಗುಟ್ಟುತ್ತದೆ. ಇದನ್ನು ಕೇಳಿ ಗಾಬರಿಯಾಗುವ ಗೃಹಿಣಿಯರು ಅನೇಕರು. ಆದರೆ ನಿಜವಾಗಿ ಕಿವಿಗೊಡಬೇಕಾದ ಸದ್ದು ಬೇರೆಯೇ ಇದೆ. ಅದನ್ನು ಗುರುತಿಸುವ ಬಗೆಯನ್ನು ನಾವಿಲ್ಲಿ ವಿವರಿಸುತ್ತೇವೆ.

ಮೊದಲು ಸಹಜವಾದ ಸದ್ದುಗಳನ್ನು ನೋಡೋಣ. ಫ್ರಿಜ್ಜಿನ ಕೊಳವೆಗಳಲ್ಲಿ ಶೀತಕ ದ್ರವ್ಯವು ದ್ರವವಾಗಿ, ಅನಿಲವಾಗಿ ಸುತ್ತುತ್ತಿರುತ್ತದೆ. ಕಂಪ್ರೆಸರ್ ನಿಂತೊಡನೆ ಒತ್ತಡ ಹೆಚ್ಚಿರುವ ಕಡೆಯಿಂದ ಕಡಿಮೆ ಇರುವ ಕಡೆಗೆ ಅದು ಕೂದಲೆಳೆಯಂಥ ಕೊಳವೆಯ ಮೂಲಕ ಹರಿದು ಸಮನಾಗುತ್ತದೆ. ಆಗ ಕೆಲವು ನಿಮಿಷ ಬುಸ್ ಎನ್ನುವ, ಗುಳುಗುಡುವ ಸದ್ದು ಬರುತ್ತದೆ. ಬಾಗಿಲು ತೆರೆದಾಗ ಬೆಚ್ಚಗಿನ ಗಾಳಿ ಹೊಕ್ಕು ಒಳಗಿನ ಪ್ಲಾಸ್ಟಿಕ್ ಹಿಗ್ಗುತ್ತದೆ, ತಣಿದಾಗ ಕುಗ್ಗುತ್ತದೆ. ಟಿಕ್ ಎಂಬುದು ಅದರ ಸದ್ದು. ಹಿಮ ತಾನೇ ಕರಗುವ ಮಾದರಿಗಳಲ್ಲಿ ಕರಗಿದ ಹನಿ ಬಿಸಿ ಹೀಟರಿನ ಮೇಲೆ ಬಿದ್ದು ಚುಂಯ್ ಎನ್ನುವುದೂ ಉಂಟು. ಇವೆಲ್ಲವೂ ಆರೋಗ್ಯದ ಲಕ್ಷಣಗಳೇ.

ಕೇಡಿನ ಸದ್ದಿಗೆ ಒಂದು ಕ್ರಮವಿರುತ್ತದೆ. ಹಿಂಬದಿಯ ಕೆಳಭಾಗದಿಂದ ಒಂದು ಟಕ್, ಬಳಿಕ ಕೆಲವು ಕ್ಷಣ ಗುಂಯ್ ಎಂಬ ಭಾರವಾದ ನರಳಿಕೆ, ಮತ್ತೊಂದು ಟಕ್, ಅನಂತರ ಮೌನ. ಒಂದೆರಡು ನಿಮಿಷಗಳ ತರುವಾಯ ಅದೇ ಮತ್ತೆ. ಇತ್ತ ಬಟ್ಟಲಿನ ಮಂಜುಗಡ್ಡೆ ಕರಗುತ್ತದೆ, ಮೊಸರು ಹುಳಿಯಾಗುತ್ತದೆ. ಕಂಪ್ರೆಸರಿನ ಮೋಟಾರು ಹೊರಡಲು ಯತ್ನಿಸಿ ಸೋಲುತ್ತಿದೆ ಎಂದು ಇದರ ಅರ್ಥ. ಹೊರಡಲಾಗದ ಮೋಟಾರು ವಿಪರೀತ ಕರೆಂಟು ಎಳೆದು ಕಾಯುತ್ತದೆ. ಅದು ಸುಟ್ಟುಹೋಗದಂತೆ ಓವರ್‌ಲೋಡ್ ಎಂಬ ಚಿಕ್ಕ ಭಾಗವು ಟಕ್ಕೆಂದು ಸಂಪರ್ಕ ಕಡಿಯುತ್ತದೆ, ತಣಿದ ಮೇಲೆ ಪುನಃ ಕೂಡಿಸುತ್ತದೆ.

ಸಂಡೂರಿನ ಒಂದು ಮನೆಯನ್ನು ಊಹಿಸಿಕೊಳ್ಳೋಣ. ಏಪ್ರಿಲ್ ತಿಂಗಳ ಮಧ್ಯಾಹ್ನ; ಕರೆಂಟು ಹೋಗಿ ಎರಡೇ ನಿಮಿಷದಲ್ಲಿ ಮರಳಿತು, ಆದರೆ ವೋಲ್ಟೇಜು 160 ಮಾತ್ರ. ಇಲ್ಲಿ ಎರಡು ತೊಡಕುಗಳು ಒಟ್ಟಿಗೆ ಬಂದವು. ಕೊಳವೆಗಳ ಒತ್ತಡ ಸಮನಾಗುವ ಮೊದಲೇ ಮೋಟಾರು ಹೊರಡಬೇಕಾಯಿತು. ಅದಕ್ಕೆ ಬೇಕಾದ ಬಲವೂ ಸಿಗಲಿಲ್ಲ. ಮೋಟಾರು ಹೊರಡುವ ಬಲವು ವೋಲ್ಟೇಜಿನ ವರ್ಗಕ್ಕೆ ತಕ್ಕಂತೆ ಇಳಿಯುವುದರಿಂದ, 230 ಇರಬೇಕಾದಲ್ಲಿ 160 ಆದಾಗ ಆ ಬಲ ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ. ಫ್ರಿಜ್ಜು ನರಳಿತೇ ಹೊರತು ಕೆಟ್ಟಿರಲಿಲ್ಲ.

ಇದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಸ್ವಿಚ್ಚು ಆರಿಸಿ ಹತ್ತು ನಿಮಿಷ ಕಾಯಿರಿ. ವೋಲ್ಟೇಜು 200 ದಾಟಿದ ಮೇಲೆ ಹಾಕಿ ಆಲಿಸಿರಿ. ಒಂದು ಟಕ್ಕಿನ ಬಳಿಕ ಸಣ್ಣ ಮೊರೆತ ಎಡೆಬಿಡದೆ ಮುಂದುವರಿದರೆ ದೋಷ ಕರೆಂಟಿನದು. ತಡವಾಗಿ ವಿದ್ಯುತ್ ಬಿಡುವ ಸ್ಟೆಬಿಲೈಜರ್ ಹಾಕಿಸಿದರೆ ಸಾಕು. ಆ ಸ್ಟೆಬಿಲೈಜರ್ ಕೂಡ ಟಕ್ ಎನ್ನುತ್ತದೆ, ಆದುದರಿಂದ ಸದ್ದು ಯಾವುದರಿಂದ ಬಂತೆಂದು ಹತ್ತಿರ ಹೋಗಿ ಕೇಳಿರಿ. ಸರಿಯಾದ ವೋಲ್ಟೇಜಿನಲ್ಲಿಯೂ ಅದೇ ಟಕ್-ಗುಂಯ್-ಟಕ್ ಮರಳಿದರೆ ಸ್ವಿಚ್ಚು ಆರಿಸಿಯೇ ಇಟ್ಟು ಮೆಕ್ಯಾನಿಕ್ಕನನ್ನು ಕರೆಯಿರಿ. ಪ್ರತಿಯೊಂದು ವಿಫಲ ಯತ್ನವೂ ಮೋಟಾರಿನ ಸುರುಳಿಯನ್ನು ಕಾಯಿಸುತ್ತದೆ.

ಬಂದ ಮೆಕ್ಯಾನಿಕ್ಕನು ಮೊದಲು ಕಂಪ್ರೆಸರಿನ ಪಕ್ಕದ ರಿಲೇಯನ್ನು ಬಿಚ್ಚಿ ನೋಡಲಿ. ಈಚಿನ ರಿಲೇಗಳಲ್ಲಿ ಒಂದು ಬಿಲ್ಲೆಯಿರುತ್ತದೆ. ಅದು ಒಡೆದಿದ್ದರೆ, ಅಲುಗಾಡಿಸಿದಾಗ ಒಳಗೆ ಚೂರುಗಳು ಗಲಗಲ ಎನ್ನುತ್ತವೆ. ಹೊಸ ರಿಲೇಗೆ ತಗಲುವ ವೆಚ್ಚ ಕಂಪ್ರೆಸರಿನ ಬೆಲೆಯ ಮುಂದೆ ಅತ್ಯಲ್ಪ. ಹೊಸದನ್ನು ಹಾಕಿದರೂ ಮೋಟಾರು ಹೊರಡದಿದ್ದರೆ ಮಾತ್ರ ಕಂಪ್ರೆಸರಿನ ಮೇಲೆ ಸಂಶಯ ಸಲ್ಲುತ್ತದೆ. ಇಲ್ಲಿ ಯಾರಾದರೂ “ಗ್ಯಾಸು ಹೋಗಿದೆ, ತುಂಬಿಸಬೇಕು” ಎಂದರೆ ಒಪ್ಪಬೇಡಿರಿ. ಗ್ಯಾಸು ಸೋರಿದ ಫ್ರಿಜ್ಜಿನ ಕಂಪ್ರೆಸರ್ ಹೊರಡಲು ತಿಣುಕುವುದಿಲ್ಲ. ಅದು ನಿಲ್ಲದೆ ಓಡುತ್ತದೆ, ಆದರೆ ತಂಪು ಕೊಡುವುದಿಲ್ಲ. ಇನ್ವರ್ಟರ್ ಮಾದರಿಗಳಲ್ಲಿ ಇಂಥ ರಿಲೇ ಇರುವುದಿಲ್ಲ, ವಿದ್ಯುನ್ಮಾನ ಫಲಕವೇ ಮೋಟಾರನ್ನು ನಡೆಸುತ್ತದೆ. ಅವುಗಳ ಪರೀಕ್ಷೆ ಬೇರೆ.

ನಮ್ಮ ಸೀಮೆಗೆ ಇನ್ನೊಂದು ಮಾತನ್ನು ಸೇರಿಸಬೇಕು. ಅದಿರು ಹೊತ್ತ ಲಾರಿಗಳು ಓಡಾಡುವ ದಾರಿಯ ಬದಿಯ ಮನೆಗಳಲ್ಲಿ ಕೆಂಪು ಧೂಳು ಫ್ರಿಜ್ಜಿನ ಹಿಂದಿನ ಕಪ್ಪು ಜಾಲರಿಯ ಮೇಲೆ ಪದರವಾಗಿ ಕೂರುತ್ತದೆ. ಆಗ ಶಾಖ ಹೊರಬೀಳದೆ ಒತ್ತಡ ಏರಿ, ಕಂಪ್ರೆಸರಿಗೆ ಹೊರಡುವುದು ಇನ್ನಷ್ಟು ಕಷ್ಟವಾಗುತ್ತದೆ. ಜಾಲರಿ ಹೊರಗೆ ಕಾಣುವ ಮಾದರಿಯಾದರೆ, ಪ್ಲಗ್ಗು ಕಿತ್ತು, ತಿಂಗಳಿಗೊಮ್ಮೆ ಒಣ ಕುಂಚದಿಂದ ಮೇಲಿನಿಂದ ಕೆಳಕ್ಕೆ ಮೆಲ್ಲಗೆ ಒರಸಿರಿ. ಗೋಡೆಗೂ ಫ್ರಿಜ್ಜಿಗೂ ಒಂದು ಗೇಣು ಅಂತರವಿರಲಿ.