ಮಿಸೆಸ್ ಪೀಟರ್ಸ್ ಸುಳ್ಳು ಹೇಳಿದ್ದೇಕೆ?

ಮೂರು ಗಂಟೆಯ ನಾಟಕದಲ್ಲಿ ಪಾತ್ರ ನಿಧಾನಕ್ಕೆ ಬದಲಾಗಬಹುದು. ಅರ್ಧ ಗಂಟೆಯ ಏಕಾಂಕಕ್ಕೆ ಆ ಪುರುಸೊತ್ತಿಲ್ಲ. ಪರದೆ ಎದ್ದ ಹತ್ತು ನಿಮಿಷಕ್ಕೆ ಪರಿಚಯವಾದ ಹೆಂಗಸು ಇಪ್ಪತ್ತೈದನೇ ನಿಮಿಷಕ್ಕೆ ಗಂಡನ ಕೆಲಸಕ್ಕೇ ಎರಡು ಬಗೆದರೆ, ಮುಂದಿನ ಸಾಲಿನಲ್ಲಿ ಕೂತವರು ‘ನಾಟಕಕ್ಕೆ ಬೇಕಿತ್ತು, ಮಾಡಿಸಿದರು’ ಅಂದುಬಿಡುತ್ತಾರೆ. ಹಾಗೆ ಅನ್ನಿಸಿಕೊಳ್ಳದಿರಲೆಂದೇ ನಾಟಕಕಾರರು ಬರೆಯುವ ಮುನ್ನ ಪಾತ್ರದ ಜೀವನ ಚರಿತ್ರೆಯನ್ನು ಬರೆದುಕೊಳ್ಳುವ ರೂಢಿಯಿದೆ. ಅದು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಲು ಸೂಸನ್ ಗ್ಲಾಸ್ಪೆಲ್ ಅವರ ‘ಟ್ರೈಫಲ್ಸ್’ಗಿಂತ ಒಳ್ಳೆಯ ಪಾಠ ಸಿಗುವುದು ಅಪರೂಪ.

ಗ್ಲಾಸ್ಪೆಲ್ ಅಮೆರಿಕದ ಅಯೋವಾದಲ್ಲಿ ಪತ್ರಿಕಾ ವರದಿಗಾರ್ತಿಯಾಗಿದ್ದವರು. 1900ರಲ್ಲಿ ಅಲ್ಲಿ ಜಾನ್ ಹೊಸ್ಸಾಕ್ ಎಂಬ ರೈತ ರಾತ್ರಿ ಹಾಸಿಗೆಯಲ್ಲೇ ಕೊಲೆಯಾದ. ಆರೋಪ ಹೆಂಡತಿಯ ಮೇಲೆ ಬಂತು. ಆ ಪ್ರಕರಣವನ್ನು ವರದಿ ಮಾಡಿದ ಗ್ಲಾಸ್ಪೆಲ್ 1916ರಲ್ಲಿ ಅದರ ಎಳೆ ಹಿಡಿದು ಏಕಾಂಕ ಬರೆದರು. ಪ್ರಾವಿನ್ಸ್‌ಟೌನ್‌ನ ಮೊದಲ ಪ್ರಯೋಗದಲ್ಲಿ ನೆರೆಮನೆಯ ಮಿಸೆಸ್ ಹೇಲ್ ಪಾತ್ರವನ್ನು ತಾವೇ ಮಾಡಿದರು.

ನಾಟಕ ನಡೆಯುವುದು ಒಂದು ಅಡುಗೆಮನೆಯಲ್ಲಿ. ಗಂಡನ ಕುತ್ತಿಗೆಗೆ ಹಗ್ಗ ಬಿಗಿದು ಕೊಂದ ಆರೋಪದ ಮೇಲೆ ಮಿನ್ನಿ ರೈಟ್ ಜೈಲಿನಲ್ಲಿದ್ದಾಳೆ. ಸರ್ಕಾರಿ ವಕೀಲ, ಷೆರಿಫ್, ನೆರೆಯ ರೈತ ಮೂವರೂ ಕೊಲೆಗೆ ಕಾರಣ ಹುಡುಕುತ್ತಾ ಮಹಡಿ, ಕೊಟ್ಟಿಗೆ ಸುತ್ತುತ್ತಾರೆ. ಮಿನ್ನಿಯ ಬಟ್ಟೆ ಒಯ್ಯಲು ಬಂದ ಇಬ್ಬರು ಹೆಂಗಸರಿಗೆ ಆ ಕಾರಣ ಅಡುಗೆಮನೆಯಲ್ಲೇ ಸಿಗುತ್ತದೆ: ಹೊಲಿಗೆ ಪೆಟ್ಟಿಗೆಯೊಳಗೆ ರೇಷ್ಮೆ ತುಂಡಿನಲ್ಲಿ ಸುತ್ತಿಟ್ಟ, ಕುತ್ತಿಗೆ ತಿರುಚಿದ ಸಾಕುಹಕ್ಕಿ. ವಕೀಲನ ಕೈಗೆ ಇದು ಸಿಕ್ಕರೆ ಮಿನ್ನಿ ಉಳಿಯುವುದಿಲ್ಲ. ಇಬ್ಬರೂ ಅದನ್ನು ಬಚ್ಚಿಡುತ್ತಾರೆ.

ಮಿಸೆಸ್ ಹೇಲ್ ಬಚ್ಚಿಟ್ಟರೆ ಅಚ್ಚರಿಯಿಲ್ಲ, ಅವಳು ಮಿನ್ನಿಯ ಹಳೆಯ ಪರಿಚಯದವಳು. ಮಿಸೆಸ್ ಪೀಟರ್ಸ್ ಷೆರಿಫನ ಹೆಂಡತಿ. ಕಾನೂನು ಅದರ ಪಾಡಿಗೆ ನಡೆಯಲಿ ಎಂದು ನಾಟಕದುದ್ದಕ್ಕೂ ಹೇಳುವವಳೂ ಅವಳೇ. ಅವಳ ತೀರ್ಮಾನವನ್ನು ನಂಬಿಸುವುದು ಗ್ಲಾಸ್ಪೆಲ್ ಅವರ ನಿಜವಾದ ಸವಾಲಾಗಿತ್ತು. ಅವರು ಅವಳಿಗೆ ಎರಡೇ ನೆನಪು ಕೊಟ್ಟರು. ಹುಡುಗಿಯಾಗಿದ್ದಾಗ ಒಬ್ಬ ಹುಡುಗ ಅವಳ ಕಣ್ಣೆದುರೇ ಬೆಕ್ಕಿನ ಮರಿಯನ್ನು ಕೊಡಲಿಯಿಂದ ಕಡಿದಿದ್ದ, ಯಾರೂ ತಡೆಯದಿದ್ದರೆ ಅವನಿಗೆ ಏನು ಮಾಡಿಬಿಡುತ್ತಿದ್ದಳೋ. ಮದುವೆಯಾದ ಮೇಲೆ ಡಕೋಟಾದ ಒಂಟಿ ಜಮೀನಿನಲ್ಲಿದ್ದಾಗ ಎರಡು ವರ್ಷದ ಚೊಚ್ಚಲು ಮಗು ತೀರಿಕೊಂಡು ಮನೆಯೆಲ್ಲ ಮೌನವಾಗಿತ್ತು. ಮೊದಲನೆಯದು ಮಿನ್ನಿಯ ಸಿಟ್ಟಿಗೆ ತಾಳೆಯಾಗುತ್ತದೆ, ಎರಡನೆಯದು ಅವಳ ಒಂಟಿತನಕ್ಕೆ.

ಇದಕ್ಕಿಂತ ಜಾಣತನ ಇರುವುದು ಅನುಕ್ರಮದಲ್ಲಿ. ಖಾಲಿ ಪಂಜರ ಕಂಡ ವಕೀಲ ಹಕ್ಕಿ ಎಲ್ಲಿ ಎಂದು ಕೇಳುತ್ತಾನೆ. ಬೆಕ್ಕು ಹಿಡಿದಿರಬೇಕು ಎನ್ನುತ್ತಾಳೆ ಮಿಸೆಸ್ ಹೇಲ್. ಬೆಕ್ಕು ಇದೆಯೇ ಎಂಬ ಮರುಪ್ರಶ್ನೆಗೆ, ಈಗಿಲ್ಲ, ಬಿಟ್ಟುಹೋಗಿದೆ ಎಂಬರ್ಥದ ಉತ್ತರ ಕೊಡುವವಳು ಮಿಸೆಸ್ ಪೀಟರ್ಸ್. ಮಿನ್ನಿಗೆ ಬೆಕ್ಕು ಕಂಡರೆ ಆಗದು, ಆ ಮನೆಯಲ್ಲಿ ಬೆಕ್ಕೇ ಇರಲಿಲ್ಲ ಎಂದು ಸ್ವಲ್ಪ ಹೊತ್ತಿನ ಮುಂಚೆ ಹೇಳಿದ್ದವಳೂ ಅವಳೇ. ಬೆಕ್ಕಿನ ಮರಿಯ ಕಥೆ, ಸತ್ತ ಮಗುವಿನ ಕಥೆ ಬರುವುದು ಈ ಸುಳ್ಳಿನ ನಂತರ. ಅಂದರೆ ಪಾತ್ರ ಮೊದಲು ಮಾಡುತ್ತದೆ, ಕಾರಣ ಆಮೇಲೆ ಹೊರಬೀಳುತ್ತದೆ. ತಿರುವುಮುರುವಾಗಿದ್ದರೆ ಆ ನೆನಪುಗಳು ವಕಾಲತ್ತಿನಂತೆ ಕೇಳಿಸುತ್ತಿದ್ದವು.

ಗ್ಲಾಸ್ಪೆಲ್ ಇವನ್ನು ಹೇಗೆ ಕಂಡುಕೊಂಡರೋ, ಬರೆಯಲು ಕಲಿಯುವವರಿಗೆ ಒಂದು ಕ್ರಮ ಒದಗಿಸಿದವರು ಹಂಗೇರಿ ಮೂಲದ ಲಾಯೋಶ್ ಎಗ್ರಿ. ನಾಟಕ ರಚನೆ ಕುರಿತು 1946ರಲ್ಲಿ ಹೊರಬಂದ ಅವರ ಪುಸ್ತಕ ಪ್ರತಿ ಪಾತ್ರವನ್ನೂ ಮೂರು ಬದಿಯಿಂದ ನೋಡಲು ಹೇಳುತ್ತದೆ: ದೇಹ, ಸಮಾಜದಲ್ಲಿನ ಸ್ಥಾನ, ಮನಸ್ಸು. ವಯಸ್ಸು, ನಿಲುವು, ಅಂಗದೋಷದಿಂದ ಹಿಡಿದು ಕಸುಬು, ಓದು, ಹವ್ಯಾಸ, ಹತಾಶೆಯವರೆಗೆ ಅದರ ಪಟ್ಟಿ ಉದ್ದ. ಕಮ್ಮಟಗಳಲ್ಲಿ ಎಡವಟ್ಟಾಗುವುದು ಇಲ್ಲೇ. ಶಿಬಿರಾರ್ಥಿಗಳು ಜನಗಣತಿಯವರಂತೆ ಪಟ್ಟಿ ತುಂಬುತ್ತಾರೆ, ನಾಯಕನಿಗೆ ಇಷ್ಟವಾದ ಬಣ್ಣವೂ ಗೊತ್ತಾಗುತ್ತದೆ, ಕೊನೆಯ ದೃಶ್ಯ ಮಾತ್ರ ಇದ್ದಲ್ಲೇ ಇರುತ್ತದೆ. ಚಿಕ್ಕ ನಾಟಕಕ್ಕೆ ಪಟ್ಟಿಯನ್ನು ಹಿಂದಿನಿಂದ ತುಂಬುವುದು ಮೇಲು. ಮೊದಲು ಪಾತ್ರದ ತೀರ್ಮಾನವನ್ನು ಒಂದೇ ವಾಕ್ಯದಲ್ಲಿ ಬರೆದು, ಅದಕ್ಕೆ ತಾಗುವ ಪ್ರಶ್ನೆಗಳನ್ನಷ್ಟೇ ಕೇಳಬೇಕು.

ಒಂದು ಕಲ್ಪಿತ ಏಕಾಂಕ ನೋಡೋಣ. ಮಂಡ್ಯ ಕಡೆಯ ಹಳ್ಳಿಯ ಹಾಲಿನ ಡೈರಿ, ಬೆಳಗಿನ ಸರದಿ. ಪರೀಕ್ಷಾ ಯಂತ್ರ ಕೆಟ್ಟಿದೆ. ಕಾರ್ಯದರ್ಶಿ ಪುಟ್ಟಸ್ವಾಮಿ ಲ್ಯಾಕ್ಟೋಮೀಟರ್ ಹಿಡಿದಿದ್ದಾನೆ. ನಿಂಗಮ್ಮನ ಹಾಲಿನಲ್ಲಿ ಅದು ಇರಬೇಕಾದ್ದಕ್ಕಿಂತ ಆಳಕ್ಕೆ ಇಳಿಯುತ್ತದೆ, ಅಂದರೆ ನೀರು ಬೆರೆತಿದೆ. ಪುಟ್ಟಸ್ವಾಮಿಯ ತೀರ್ಮಾನ: ‘ಸಂಘದ ಅಧ್ಯಕ್ಷ ಎದುರಿಗೇ ನಿಂತಿದ್ದರೂ ರಿಜಿಸ್ಟರಿನಲ್ಲಿ ಹಾಲು ಸರಿಯಿದೆ ಎಂದು ಬರೆಯುತ್ತಾನೆ.’

ಯಾಕೆ ಬರೆದ? ‘ಕರುಣೆಯಿಂದ’ ಎಂಬುದು ಮೊದಲು ಹೊಳೆಯುವ ಉತ್ತರ. ಅದು ಯಾರಿಗೆ ಬೇಕಾದರೂ ಒಪ್ಪುವ ಕಾರಣ, ಆದ್ದರಿಂದ ಪುಟ್ಟಸ್ವಾಮಿಯದಲ್ಲ. ಎರಡನೆಯದು: ಅವನ ತಾಯಿಯೂ ಬಡತನಕ್ಕೆ ಹಾಲಿಗೆ ನೀರು ಬೆರೆಸಿ ಸಿಕ್ಕಿಬಿದ್ದಿದ್ದಳು. ಇದನ್ನೂ ಹೊಡೆದುಹಾಕಬೇಕು. ಬೀಗಕ್ಕೆ ಅಳತೆ ಕೊಟ್ಟು ಮಾಡಿಸಿದ ಕೀಲಿಯಂತಿರುವ ಬಾಲ್ಯದ ಗಾಯವನ್ನು ಪ್ರೇಕ್ಷಕರು ತಕ್ಷಣ ಗುರುತಿಸುತ್ತಾರೆ. ಈಗ ದೇಹದ ಕಡೆ ಬರೋಣ. ವಯಸ್ಸು ಐವತ್ತೆರಡು. ಕಣ್ಣಿಗೆ ಪೊರೆ ಬರುತ್ತಿದೆ, ಮುಂಜಾನೆಯ ಮಬ್ಬಿನಲ್ಲಿ ಸಣ್ಣ ಗೆರೆಗಳು ಕಾಣವು. ಕೆಲಸ ಹೋದೀತೆಂದು ಮನೆಯಲ್ಲೂ ಹೇಳಿಲ್ಲ. ಇಲ್ಲಿಂದ ಕಥೆ ತಾನಾಗಿ ಬಿಚ್ಚಿಕೊಳ್ಳುತ್ತದೆ. ಹೋದ ತಿಂಗಳು ಅವನು ಒಬ್ಬನ ಹಾಲಿನ ಗೆರೆ ತಪ್ಪಾಗಿ ಓದಿದ, ಆ ಮನುಷ್ಯನ ಹಾಲು ವಾಪಸಾಯಿತು, ಊರಲ್ಲಿ ಮಾನ ಹೋಯಿತು. ಸಾಮಾಜಿಕ ಬದಿಯಿಂದ ಇನ್ನೊಂದು ಸಂಗತಿ ಸಾಕು: ಅಧ್ಯಕ್ಷ ನಿಂಗಮ್ಮನ ಮೈದುನ, ಅವರಿಬ್ಬರ ನಡುವೆ ಜಮೀನಿನ ವ್ಯಾಜ್ಯವಿದೆ, ಅವಳ ಹೆಸರು ಕೆಡುವುದು ಅವನಿಗೆ ಬೇಕು.

ಈಗ ಪುಟ್ಟಸ್ವಾಮಿ ಸುಳ್ಳು ಬರೆಯುವುದು ಕರುಣೆಯೋ, ಪಾಪಭೀತಿಯೋ, ಕಣ್ಣಿನ ಗುಟ್ಟು ಕಾಯುವ ಉಪಾಯವೋ ಬಿಡಿಸಲಾಗದಂತೆ ಹೆಣೆದುಕೊಂಡಿದೆ. ಅವನಿಗೆ ಹೆಚ್ಚೆಂದರೆ ಒಂದು ಮಾತು ಬೇಕು. ಲ್ಯಾಕ್ಟೋಮೀಟರನ್ನು ಬಲ್ಬಿನ ಹತ್ತಿರ ಒಯ್ದು ಎರಡು ಸಲ ನೋಡಿದಾಗ ಅಧ್ಯಕ್ಷ, “ಏನ್ ಪುಟ್ಟಸ್ವಾಮಿ, ಕಾಣ್ತಿಲ್ವಾ?” ಎಂದರೆ, ಅವನು “ಕಾಣ್ತದೆ ಗೌಡ್ರೇ, ಚೆನ್ನಾಗೇ ಕಾಣ್ತದೆ” ಎನ್ನಲಿ. ಉಳಿದ ಚರಿತ್ರೆ ನಾಟಕಕಾರನ ನೋಟ್‌ಬುಕ್ಕಿನಲ್ಲೇ ಇರಲಿ.

ಇದು ಗಟ್ಟಿಯಾಗಿದೆಯೇ ಎಂದು ನೋಡಲು ಪಾತ್ರವನ್ನು ಎತ್ತಿ ಬೇರೆಯವರನ್ನು ಕೂರಿಸಬಹುದು. ಕಣ್ಣು ಚುರುಕಾಗಿರುವ ಇಪ್ಪತ್ತೈದರ ಹುಡುಗ ಕಾರ್ಯದರ್ಶಿಯಾಗಿದ್ದರೂ ಅದೇ ಸುಳ್ಳು ಬರೆಯುತ್ತಿದ್ದನೇ? ಹೌದು ಎಂದರೆ ಪುಟ್ಟಸ್ವಾಮಿಗೆ ಕೊಟ್ಟ ಚರಿತ್ರೆ ವ್ಯರ್ಥ. ಅಷ್ಟೇ ಮುಖ್ಯವಾದ ಇನ್ನೊಂದು ಪರೀಕ್ಷೆ, ಸುಳ್ಳು ಬರೆಯದಂತೆ ಅವನನ್ನು ಹಿಂದಕ್ಕೆಳೆಯುವ ಸಂಗತಿ ಏನಾದರೂ ಇದೆಯೇ ಎಂಬುದು. ಸಿಕ್ಕಿಬಿದ್ದರೆ ಪುಟ್ಟಸ್ವಾಮಿಯ ಕೆಲಸವೇ ಹೋಗುತ್ತದೆ. ಮಿಸೆಸ್ ಪೀಟರ್ಸಳಿಗೆ ಗಂಡನ ಹುದ್ದೆಯೇ ಆ ಎಳೆತ. ಕೊನೆಗೂ ಹಕ್ಕಿಯ ಡಬ್ಬಿಯನ್ನು ತನ್ನ ಚೀಲಕ್ಕೆ ತುರುಕಲು ಅವಳಿಂದ ಆಗುವುದಿಲ್ಲ, ಮಿಸೆಸ್ ಹೇಲ್ ಕಸಿದು ಕೋಟಿನ ಜೇಬಿಗೆ ಹಾಕಿಕೊಳ್ಳುತ್ತಾಳೆ. ಅವಳನ್ನು ಪೂರ್ತಿ ಧೈರ್ಯವಂತೆ ಮಾಡದೆ ಬಿಟ್ಟಿದ್ದರಿಂದಲೇ ಅವಳು ನಂಬುವಂತಿದ್ದಾಳೆ.

ಎಲ್ಲ ನಾಟಕಕ್ಕೂ ಈ ವಿಧಾನ ಹೊಂದುವುದಿಲ್ಲ. ಹೆರಾಲ್ಡ್ ಪಿಂಟರ್ ತಮ್ಮ ಪಾತ್ರಗಳ ಹಿಂದುಮುಂದು ತಿಳಿಸಬೇಕೆಂಬ ಬೇಡಿಕೆಯನ್ನೇ ಒಪ್ಪಲಿಲ್ಲ. ಅವರ ‘ದಿ ಡಂಬ್ ವೇಟರ್’ನ ಇಬ್ಬರು ಬಾಡಿಗೆ ಕೊಲೆಗಾರರ ಬಾಲ್ಯ ಗೊತ್ತಾದರೆ ಅಲ್ಲಿನ ಭಯ ಇಳಿದುಹೋಗುತ್ತದೆ. ಅಂಥ ನಾಟಕದಲ್ಲೂ ಪಾತ್ರವಹಿಸುವ ನಟ ತಾಲೀಮಿಗಾಗಿ ತನ್ನದೇ ಒಂದು ಚರಿತ್ರೆ ಕಟ್ಟಿಕೊಳ್ಳಬಹುದು, ಅದನ್ನು ಜೊತೆಯ ನಟನಿಗೂ ಹೇಳಬೇಕಿಲ್ಲ.